ಬ್ಯಾಟರಿ ಸಾಯುವ ದಿನ ಹೇಳಲು ಹೋಗಿ

ಸಾಗರ ತಾಲ್ಲೂಕಿನ ನಮ್ಮ ಸೋದರಮಾವನ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಅಲ್ಲಿನ ಇನ್ವರ್ಟರ್‌ಗೆ 12 ವೋಲ್ಟಿನ, 150 ಎಎಚ್, ಅಂದರೆ 150 ಆಂಪಿಯರ್-ಅವರ್ ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿ. ಮೂರು ವರ್ಷ ಹಳೆಯದು. ಜನವರಿಯಲ್ಲಿ ಹೋಗಿದ್ದಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ: "ಮಾರಾಯ, ಇದು ಈ ಮಳೆಗಾಲ ತಡೀತದಾ, ಇಲ್ವಾ?"

ಎಲೆಕ್ಟ್ರಾನಿಕ್ಸ್ ಓದಿದವನಿಗೆ ಹೀಗೆ ಕೇಳಿದರೆ ಸುಮ್ಮನೆ "ತಡೀತದೆ" ಅನ್ನಲು ಬಾಯಿ ಬರುವುದಿಲ್ಲ. ಒಂದು ಮೀಟರ್ ಕಟ್ಟಿಕೊಡುತ್ತೇನೆ ಎಂದೆ. ಕಟ್ಟಿಯೂ ಕೊಟ್ಟೆ. ಅದು ಕೊಟ್ಟ ಅಂಕಿಗಳನ್ನು ನಂಬಿ ಹೊಸ ಬ್ಯಾಟರಿಗೆ ಮಾವನಿಂದ ಮುಂಗಡವನ್ನೂ ಕೊಡಿಸಿದೆ. ಎಲ್ಲಿ ಎಡವಿದೆ ಎಂಬುದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕಟ್ಟಿದ್ದು

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕತ್ತರಿಸಿ ನಡುವೆ ಎಸಿಎಸ್712 ಕರೆಂಟ್ ಸೆನ್ಸರ್ ಕೂರಿಸಿದೆ, 30 ಆಂಪಿಯರ್ ಮಾದರಿ. ತಂತಿಯಲ್ಲಿ ಹರಿಯುವ ಪ್ರತಿ ಆಂಪಿಯರ್‌ಗೂ ಅದರ ಔಟ್‌ಪುಟ್ 66 ಮಿಲಿವೋಲ್ಟ್ ಬದಲಾಗುತ್ತದೆ. ಏನೂ ಹರಿಯದಿದ್ದರೆ 5 ವೋಲ್ಟಿನ ಅರ್ಧದಲ್ಲಿ, ಅಂದರೆ 2.5 ವೋಲ್ಟಿನಲ್ಲಿ ನಿಲ್ಲುತ್ತದೆ. ಅದನ್ನು ಓದಲು ಆರ್ಡುಯಿನೊ ನ್ಯಾನೊ, ಸಮಯಕ್ಕೊಂದು ಗಡಿಯಾರದ ಮಾಡ್ಯೂಲ್, ಬರೆದಿಡಲು ಒಂದು ಎಸ್‌ಡಿ ಕಾರ್ಡ್. ಎಲ್ಲವನ್ನೂ ಹಳೆಯ ಟಿಫಿನ್ ಡಬ್ಬಿಯೊಳಗೆ ಸ್ಕ್ರೂ ಹಾಕಿ ಕೂರಿಸಿ ಇನ್ವರ್ಟರ್ ಸ್ಟ್ಯಾಂಡಿನ ಪಕ್ಕಕ್ಕೆ ಕಟ್ಟಿದೆ.

ಕೆಲಸ ಮಾಡುವ ರೀತಿ ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ. ಬ್ಯಾಟರಿಯಿಂದ ಹೋದದ್ದನ್ನು ಕಳೆ, ಒಳಗೆ ಬಂದದ್ದನ್ನು ಕೂಡು, ಬಾಕಿ ಬರೆದಿಡು. 97 ಮಿಲಿಸೆಕೆಂಡಿಗೊಮ್ಮೆ ಓದಿಸುತ್ತಿದ್ದೆ. ಸಲೀಸಾಗಿ 100 ಅಂತ ಇಡಬಹುದಿತ್ತು. ಆದರೆ ಇನ್ವರ್ಟರ್ ಬ್ಯಾಟರಿಯಿಂದ ಕರೆಂಟ್ ಎಳೆಯುವುದು ಸೆಕೆಂಡಿಗೆ ನೂರು ಬಡಿತದಂತೆ. 100 ಮಿಲಿಸೆಕೆಂಡಿಗೊಮ್ಮೆ ನೋಡಿದರೆ ಪ್ರತಿ ಸಲವೂ ಬಡಿತದ ಒಂದೇ ಜಾಗ ಸಿಕ್ಕಿ ಲೆಕ್ಕ ಪೂರ್ತಿ ತಪ್ಪುತ್ತದೆ. ಇಷ್ಟು ಜಾಣತನ ತೋರಿಸಿದವನು ಮುಂದೆ ಮಾಡಿದ್ದನ್ನು ನೋಡಿ.

ಲೆಡ್ ಆಸಿಡ್ ಬ್ಯಾಟರಿಗೆ ಹಾಕಿದ್ದೆಲ್ಲ ವಾಪಸ್ ಬರುವುದಿಲ್ಲ, ಒಂದಿಷ್ಟು ನೀರನ್ನು ಗ್ಯಾಸ್ ಮಾಡುವುದರಲ್ಲೇ ಹೋಗುತ್ತದೆ. ಅದಕ್ಕೆ ಒಳಬರುವ ಲೆಕ್ಕವನ್ನು 0.87ರಿಂದ ಗುಣಿಸಿದೆ. ಮೊದಲ ವಾರ ಅಲ್ಲೇ ಉಳಿದು ಹೊಂದಿಸಿದ ಸಂಖ್ಯೆ ಅದು.

ಇನ್ನು ಉಳಿದದ್ದು ಸೊನ್ನೆ. ಸೆನ್ಸರಿನ 2.5 ವೋಲ್ಟ್ ಕರಾರುವಾಕ್ಕಾಗಿ 2.5 ಇರುವುದಿಲ್ಲ, ಬಿಸಿಲು ಏರಿಳಿದಂತೆ ಅದೂ ಸ್ವಲ್ಪ ಸರಿಯುತ್ತದೆ. ಮಾವನ ಮನೆಯದು ಹಳೆಯ ನಮೂನೆಯ ಇನ್ವರ್ಟರ್, ಬ್ಯಾಟರಿ ತುಂಬಿದೊಡನೆ ಚಾರ್ಜಿಂಗ್ ಪೂರ್ತಿ ನಿಲ್ಲಿಸಿಬಿಡುತ್ತದೆ. ಹಾಗಾಗಿ ಬೆಳಗಿನ ಜಾವ 4 ಗಂಟೆಗೆ ಕರೆಂಟ್ ಇದ್ದು, ಚಾರ್ಜಿಂಗ್ ನಿಂತಿದ್ದರೆ, ಆಗಿನ ರೀಡಿಂಗನ್ನೇ ಆ ದಿನದ ಸೊನ್ನೆ ಎಂದು ಹಿಡಿ, ಬಾಕಿಯನ್ನು ಕಾರ್ಡಿಗೆ ಬರೆ ಎಂದು ಬರೆದೆ. ಕೋಡಿನಲ್ಲಿ ಅದು ಒಂದೇ ಸಾಲು:

```cpp
zero = analogRead(A0);
```

ದಿನ 1ರಿಂದ ದಿನ 40

ಫೆಬ್ರವರಿ 10ಕ್ಕೆ ಬಾಕಿ 150 ಎಎಚ್ ಎಂದು ಇಟ್ಟು ಶುರು ಮಾಡಿದೆ. ಮಾರ್ಚ್ 21, ನಲವತ್ತನೆಯ ದಿನ, ಊರಿಗೆ ಹೋಗಿ ಕಾರ್ಡ್ ತಂದು ಲ್ಯಾಪ್‌ಟಾಪಿಗೆ ಹಾಕಿದರೆ ಬಾಕಿ 128.

ಗ್ರಾಫ್ ಎಳೆದೆ. ಏರಿಳಿತವಿತ್ತು, ಆದರೆ ಒಟ್ಟು ನೋಟಕ್ಕೆ ಗದ್ದೆಯ ಕಡೆ ಇಳಿಯುವ ಗುಡ್ಡದ ದಾರಿಯಂತೆ ಕೆಳಗೇ ಬರುತ್ತಿತ್ತು. ನೇರ ಗೆರೆ ಹೊಂದಿಸಿದೆ. ದಿನಕ್ಕೆ 0.55 ಎಎಚ್ ಇಳಿಕೆ. ಗೆರೆ ಚುಕ್ಕಿಗಳಿಗೆ ಎಷ್ಟು ಹೊಂದಿದೆ ಎಂದು ಸೊನ್ನೆಯಿಂದ ಒಂದರೊಳಗೆ ಹೇಳುವ R² 0.81. ಕಾಲೇಜಿನಲ್ಲಿ 0.81 ಬಂದರೆ ಲ್ಯಾಬ್ ರೆಕಾರ್ಡಿಗೆ ಕಣ್ಣು ಮುಚ್ಚಿ ಸಹಿ ಬೀಳುತ್ತಿತ್ತು.

ಗೆರೆಯನ್ನು ಮುಂದಕ್ಕೆ ಎಳೆದೆ. ಏಪ್ರಿಲ್ 5ರ ಹೊತ್ತಿಗೆ 120. ಹೊಸದರ ಶೇ. 80ಕ್ಕೆ ಇಳಿದ ಬ್ಯಾಟರಿಯ ಆಯಸ್ಸು ಮುಗಿಯಿತು ಎಂದು ಎಣಿಸುವುದು ವಾಡಿಕೆ, ಅದು ಸರಿಯಾಗಿ ಅಲ್ಲಿಗೇ ಬರುತ್ತಿತ್ತು. ಮೇ 11ಕ್ಕೆ 100. ಮಳೆಗಾಲದ ಬಾಗಿಲಲ್ಲಿ ಬ್ಯಾಟರಿ ಕೈಕೊಡುವುದು ಖಚಿತ. ಗ್ರಾಫನ್ನು ಪ್ರಿಂಟ್ ಹಾಕಿಸಿ, ಕೆಂಪು ಪೆನ್ನಿನಲ್ಲಿ ಎರಡೂ ದಿನಾಂಕ ಗುರುತು ಮಾಡಿ ಮಾವನಿಗೆ ಕೊಟ್ಟೆ.

ಮಾವ ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿದರು. "ರಾತ್ರಿ ಫ್ಯಾನು, ಲೈಟು ಎಲ್ಲ ಮೊದಲಿನ ಹಾಗೇ ನಡೀತಾ ಉಂಟಲ್ಲ?"

"ಮಾವ, ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ. ಮಳೆ ಹಿಡಿದ ಮೇಲೆ ಪೇಟೆಯಿಂದ ಬ್ಯಾಟರಿ ಹೊತ್ತು ತರೋದು ಯಾರು?"

ಅದು ಅವರಿಗೆ ನಾಟಿತು. ಸಾಗರದ ಅಂಗಡಿಯೊಂದಕ್ಕೆ ಮೂರು ಸಾವಿರ ಮುಂಗಡ ಕೊಟ್ಟು ಬಂದೆವು. ಬ್ಯಾಟರಿ ಬರುವುದು ತಿಂಗಳಾಗುತ್ತದೆ ಎಂದರು. ಅಷ್ಟರಲ್ಲಿ ನನ್ನ ಲೆಕ್ಕವೂ ಸಾಬೀತಾಗುತ್ತದೆ ಎಂದುಕೊಂಡೆ.

ದಿನ 76

ಏಪ್ರಿಲ್ 26ಕ್ಕೆ ಮತ್ತೆ ಹೋದೆ. ನನ್ನ ಗೆರೆಯ ಪ್ರಕಾರ ಬಾಕಿ 108 ಇರಬೇಕಿತ್ತು. ಕಾರ್ಡಿನಲ್ಲಿ ಇದ್ದದ್ದು 143.

ಕಾರ್ಡ್ ಕೆಟ್ಟಿದೆ ಎಂದುಕೊಂಡೆ. ದಿನದಿನದ ಸಾಲು ನೋಡಿದೆ. ಎಲ್ಲೂ ಹಾರಿಕೆ ಇಲ್ಲ. ಮಾರ್ಚ್ ಕೊನೆಗೆ 126ರವರೆಗೆ ಇಳಿದು, ಏಪ್ರಿಲ್ 5ಕ್ಕೆ 131, ಆಮೇಲೆ ಇಳಿದಷ್ಟೇ ನಿಧಾನಕ್ಕೆ ಏರುತ್ತಾ ಬಂದಿತ್ತು. ಮೂರು ವರ್ಷದ ಬ್ಯಾಟರಿ ಕೂತಲ್ಲೇ 17 ಎಎಚ್ ವಾಪಸ್ ಗಳಿಸುವುದುಂಟೇ?

ಅದೇ ದಿನ ಹೊಸ ಬ್ಯಾಟರಿಯ ವಿಷಯ ಮಾತಾಡಲು ಅಂಗಡಿಯ ಹುಡುಗ ಬಂದಿದ್ದ. ಗ್ರಾಫಿನ ಕಡೆ ತಿರುಗಿಯೂ ನೋಡದೆ ಹೈಡ್ರೋಮೀಟರ್ ತೆಗೆದು ಆರೂ ಸೆಲ್ಲಿಗೆ ಅದ್ದಿದ. ಐದರಲ್ಲಿ 1.240, ಒಂದರಲ್ಲಿ 1.235. ತುಂಬಿದ ಟ್ಯೂಬುಲರ್ ಬ್ಯಾಟರಿಗೆ ಬರಬೇಕಾದದ್ದೇ ಅದು. "ಸರ್, ಇದಕ್ಕೇನಾಗಿದೆ? ನೀರು ಹಾಕಿ, ಇನ್ನೆರಡು ಮಳೆಗಾಲ ಓಡಿಸಿ." ವ್ಯಾಪಾರ ಕೈತಪ್ಪುವಂತೆ ಮಾತಾಡಿದ ಅವನ ಮೇಲೆ ಮಾವನಿಗೆ ಆ ಕ್ಷಣಕ್ಕೇ ನಂಬಿಕೆ ಬಂತು. ನನ್ನ ಮೇಲಿದ್ದದ್ದು ಹೋಯಿತು.

ಆದರೆ ಹೈಡ್ರೋಮೀಟರ್ ಹೇಳುವುದು ಬ್ಯಾಟರಿ ತುಂಬಿದೆಯೇ ಎಂಬುದನ್ನು. ಡ್ರಮ್ಮು ಎಷ್ಟು ದೊಡ್ಡದು ಎಂಬುದನ್ನಲ್ಲ. ಅದಕ್ಕೆ ಖಾಲಿ ಮಾಡಿಯೇ ಅಳೆಯಬೇಕು. ಜೀಪಿನ ಹೆಡ್‌ಲೈಟಿನ 55 ವಾಟಿನ ಎರಡು ಹ್ಯಾಲೊಜೆನ್ ಬಲ್ಬನ್ನು ಜೋಡಿಸಿ, ಇನ್ವರ್ಟರ್ ಬಿಚ್ಚಿ ನೇರ ಬ್ಯಾಟರಿಗೆ ಕೊಟ್ಟೆ. ಗಂಟೆಗೊಮ್ಮೆ ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್, ಮಲ್ಟಿಮೀಟರಿನಲ್ಲಿ ವೋಲ್ಟ್. ಮಧ್ಯಾಹ್ನ ಎರಡಕ್ಕೆ ಶುರುವಾದದ್ದು ಮಾರನೆ ಬೆಳಿಗ್ಗೆ ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ 10.8 ವೋಲ್ಟಿಗೆ ಬಂತು, ನಿಲ್ಲಿಸಿದೆ. ಸರಾಸರಿ 8.8 ಆಂಪಿಯರ್, 15 ಗಂಟೆ 40 ನಿಮಿಷ. ಗುಣಿಸಿದರೆ 138 ಎಎಚ್. ಆ ರಾತ್ರಿ ಜಗಲಿಯಲ್ಲಿ ಆ ಎರಡು ಬಲ್ಬಿನ ಬೆಳಕಿಗೆ ಬಂದ ಹುಳಗಳನ್ನು ಎಣಿಸಿದ್ದರೂ ಒಂದು ಲೆಕ್ಕ ಸರಿಯಾಗಿ ಸಿಗುತ್ತಿತ್ತು.

ಡಬ್ಬಿ ಬಿಚ್ಚಿ ನೋಡಿದಾಗ

ಮೊದಲ ಅನುಮಾನ ಆ 0.87ರ ಮೇಲೆ. ಅದು ತಪ್ಪಿದ್ದರೆ, ಬ್ಯಾಟರಿ ಎಷ್ಟು ಬಳಕೆಯಾಗುತ್ತದೋ ಅಷ್ಟು ಹೆಚ್ಚು ತಪ್ಪು ಸೇರಬೇಕು. ಹಾಗಾಗಿ ಪ್ರತಿ ದಿನದ ಬಾಕಿಯಿಂದ ಹಿಂದಿನ ದಿನದ ಬಾಕಿ ಕಳೆದು ಒಂದು ಕಾಲಮ್ ಮಾಡಿದೆ, ಪಕ್ಕದಲ್ಲಿ ಆ ದಿನ ಬ್ಯಾಟರಿಯಿಂದ ಎಷ್ಟು ಹೋಗಿತ್ತು ಎಂಬುದನ್ನು ಇಟ್ಟೆ.

ಕಣ್ಣು ತೆರೆಸಿದ್ದು ಆ ಕಾಲಮ್ಮೇ. ಮಾರ್ಚ್ 3ಕ್ಕೆ ಇಡೀ ದಿನ ಕರೆಂಟ್ ಹೋಗಿರಲಿಲ್ಲ, ಬ್ಯಾಟರಿಗೆ ಕೆಲಸವೇ ಇರಲಿಲ್ಲ. ಆದರೂ ಬಾಕಿ 3.4 ಎಎಚ್ ಇಳಿದಿತ್ತು. ಇನ್ನೊಂದು ಅಂಥದೇ ದಿನ 1.9 ಏರಿತ್ತು. ಬಳಕೆಗೂ ತಪ್ಪಿಗೂ ಸಂಬಂಧವೇ ಇಲ್ಲ. ಕಾಲಮ್ಮನ್ನು ಮೇಲಿಂದ ಕೆಳಗೆ ಓದಿದರೆ ಕೂಡು, ಕಳೆ, ಕಳೆ, ಕೂಡು, ಹೇಗೆಂದರೆ ಹಾಗೆ. ನಿನ್ನೆ ಇಳಿದದ್ದಕ್ಕೂ ಇವತ್ತಿಗೂ ಯಾವ ನಂಟೂ ಕಾಣಲಿಲ್ಲ. ನಲವತ್ತು ದಿನದ ಸರಾಸರಿ ದಿನಕ್ಕೆ ಅರ್ಧ ಎಎಚ್ ಇಳಿಕೆ, ಆದರೆ ದಿನದಿನದ ಓಲಾಟ ಅದರ ನಾಲ್ಕು ಪಟ್ಟು, ಸುಮಾರು 2.3.

ಆಮೇಲೆ ನ್ಯಾನೊವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬ್ಯಾಟರಿ ತಂತಿ ಬಿಚ್ಚಿಟ್ಟು, ಸೆನ್ಸರಿನಲ್ಲಿ ಏನೂ ಹರಿಯದಂತೆ ಮಾಡಿ ಸುಮ್ಮನೆ ಓದಿಸಿದೆ. ಪರದೆಯ ಮೇಲೆ ಬಂದದ್ದು:

```
511
513
510
512
512
514
511
```

ಒಂದೇ ನಿಮಿಷದೊಳಗೆ, ಅಲುಗಾಡದೆ ಕೂತ ಸೆನ್ಸರಿನಿಂದ. ನ್ಯಾನೊದ ಒಂದು ಮೆಟ್ಟಿಲು ಎಂದರೆ 4.88 ಮಿಲಿವೋಲ್ಟ್. 66ರಿಂದ ಭಾಗಿಸಿದರೆ 0.074 ಆಂಪಿಯರ್. ಕಾಣಲು ಏನೂ ಅಲ್ಲ. ಆದರೆ ನನ್ನ ಕೋಡು ಬೆಳಗಿನ ಜಾವದ ಒಂದೇ ಒಂದು ರೀಡಿಂಗನ್ನು ಇಡೀ ದಿನದ ಸೊನ್ನೆ ಎಂದು ಹಿಡಿದಿತ್ತು. ಆ ಕ್ಷಣ 512ರ ಬದಲು 511 ಸಿಕ್ಕರೆ, 24 ಗಂಟೆಯೂ 0.074 ಆಂಪಿಯರ್ ಇಲ್ಲದ ಕರೆಂಟ್ ಲೆಕ್ಕಕ್ಕೆ ಸೇರುತ್ತದೆ. ದಿನಕ್ಕೆ 1.8 ಎಎಚ್. ಓದಿನ ಓಲಾಟ ಸುಮಾರು 1.3 ಮೆಟ್ಟಿಲು ಇತ್ತು. 1.3ಕ್ಕೆ 1.77 ಗುಣಿಸಿದರೆ 2.3. ಕಾಲಮ್ಮಿನಲ್ಲಿ ಕಂಡ ಸಂಖ್ಯೆ ಎದುರಿಗೇ ನಿಂತಿತ್ತು.

ಇಲ್ಲಿ ಒಂದು ತಮಾಷೆ ಇದೆ. ಅದೇ ಓಲಾಟ ದಿನದ ಉಳಿದ ರೀಡಿಂಗುಗಳಲ್ಲೂ ಇತ್ತು. 97 ಮಿಲಿಸೆಕೆಂಡಿಗೊಂದರಂತೆ ದಿನಕ್ಕೆ ಸುಮಾರು 8 ಲಕ್ಷ 90 ಸಾವಿರ ರೀಡಿಂಗು, ಪ್ರತಿಯೊಂದರಲ್ಲೂ 1.3 ಮೆಟ್ಟಿಲಿನ ತಪ್ಪು. ಆದರೆ ಒಂದು ಮೇಲಾದರೆ ಇನ್ನೊಂದು ಕೆಳಗಾಗಿ ಒಂದನ್ನೊಂದು ತಿಂದುಹಾಕಿ, ದಿನದ ಕೊನೆಗೆ ಉಳಿಯುವುದು ಸುಮಾರು 2.5 ಮಿಲಿಆಂಪಿಯರ್-ಅವರ್. ಸೊನ್ನೆಯ ಒಂದೇ ರೀಡಿಂಗಿನ ತಪ್ಪು ಅದರ ಸಾವಿರ ಪಟ್ಟಿಗೆ ಹತ್ತಿರ. ಅದಕ್ಕೆ ಎದುರಾಳಿಯೇ ಇರಲಿಲ್ಲ, ಇಡೀ ದಿನ ಒಂಟಿಯಾಗಿ ರಾಜ್ಯಭಾರ ಮಾಡಿತು.

ಗೆರೆ ಯಾಕೆ ಅಷ್ಟು ಚೆನ್ನಾಗಿ ಹೊಂದಿತು

ದಿನಕ್ಕೊಂದು ನಾಣ್ಯ ಚಿಮ್ಮಿದ ಹಾಗೆ ಒಂದು ತಪ್ಪು, ಎಲ್ಲವೂ ಒಂದೇ ಖಾತೆಗೆ ಜಮೆ. ರ‍್ಯಾಂಡಮ್ ವಾಕ್ ಅಂದರೆ ಇದೇ, ಗೊತ್ತುಗುರಿಯಿಲ್ಲದ ನಡಿಗೆ. ಈ ಹೆಸರು ಮೊದಲು ಬಿದ್ದದ್ದು 1905ರಲ್ಲಿ, ಕಾರ್ಲ್ ಪಿಯರ್ಸನ್ ನೇಚರ್ ಪತ್ರಿಕೆಗೆ ಬರೆದ ಒಂದು ಪುಟ್ಟ ಪತ್ರದಲ್ಲಿ. ಇಂಥ ನಡಿಗೆಗೆ ಹಿಂದಕ್ಕೆ ಎಳೆಯುವ ಹಗ್ಗ ಇಲ್ಲ. ನಿನ್ನೆ ಇಳಿದು ನಿಂತಲ್ಲಿಂದಲೇ ಇವತ್ತಿನ ಹೆಜ್ಜೆ. ಅದಕ್ಕೇ ಒಂದೆರಡು ಸಲ ಇಳಿದರೆ ಅಲ್ಲೇ ಕೆಳಗೆ ಸುತ್ತಾಡುತ್ತದೆ, ನೋಡುವವರಿಗೆ ಇಳಿಜಾರು ಕಾಣುತ್ತದೆ.

ಓದಿದ್ದೆಲ್ಲ ಸರಿ, ನನ್ನ 0.81ರ ಬೆಲೆ ಎಷ್ಟು ಎಂದು ನೋಡಬೇಕಿತ್ತು. ಯಾವ ಇಳಿಕೆಯೂ ಇಲ್ಲದ ಸುಳ್ಳು ಬ್ಯಾಟರಿಗಳನ್ನು ಕಂಪ್ಯೂಟರಿನಲ್ಲಿ ಎರಡು ಸಾವಿರ ಮಾಡಿ, ಪ್ರತಿಯೊಂದಕ್ಕೂ ಗೆರೆ ಹೊಂದಿಸಿದೆ:

```python
import numpy as np
t = np.arange(40)
r = []
for i in range(2000):
    y = np.cumsum(np.random.normal(0, 2.3, 40))
    r.append(np.corrcoef(t, y)[0, 1]**2)
print(np.mean(r))
```

ಸರಾಸರಿ R² ಸುಮಾರು 0.44. ಇಳಿಕೆ ಸೊನ್ನೆ ಇರುವಾಗ! 0.7, 0.8 ದಾಟಿದವೂ ಸಾಕಷ್ಟಿದ್ದವು. ದಿನ ಹೆಚ್ಚಿಸಿದರೆ ಸುಳ್ಳು ಬಯಲಾಗುತ್ತದೆಂದು 40ನ್ನು 400 ಮಾಡಿದೆ. ಮತ್ತೆ ಅದೇ 0.44ರ ಆಸುಪಾಸು. ಇದು ನನಗೆ ನಿಜಕ್ಕೂ ಹೊಸದು. ಒಂದು ವರ್ಷ ಕಾದು ಗೆರೆ ಎಳೆದಿದ್ದರೂ ಇಷ್ಟೇ ಧೈರ್ಯವಾಗಿ ಸುಳ್ಳು ಹೇಳಬಹುದಿತ್ತು. ಗೆರೆ ಹೊಂದಿಸುವ ಲೆಕ್ಕವು ಪ್ರತಿ ಚುಕ್ಕಿಯೂ ಸ್ವತಂತ್ರ ಸಾಕ್ಷಿ ಎಂದು ನಂಬಿ ಕೂತಿರುತ್ತದೆ. ನನ್ನ ನಲವತ್ತು ಚುಕ್ಕಿಗಳು ಒಬ್ಬನ ಮಾತನ್ನು ಇನ್ನೊಬ್ಬ ಕೇಳಿ ಸ್ವಲ್ಪ ಬದಲಿಸಿ ಹೇಳಿದ ಸಾಕ್ಷಿಗಳು. 1926ರಲ್ಲೇ ಉಡ್ನಿ ಯೂಲ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ, ಒಂದಕ್ಕೊಂದು ನಂಟಿಲ್ಲದ ಇಂಥ ಸರಣಿಗಳ ನಡುವೆ ಸುಳ್ಳು ಸಂಬಂಧ ಎಷ್ಟು ಸಲೀಸಾಗಿ ಕಾಣುತ್ತದೆಂದು ತೋರಿಸಿಕೊಟ್ಟಿದ್ದ.

ಸರಿಯಾದ ಪ್ರಶ್ನೆ ಕೇಳಬೇಕಾದದ್ದು ಆ ವ್ಯತ್ಯಾಸದ ಕಾಲಮ್ಮಿಗೆ. ದಿನಕ್ಕೆ 2.3 ಓಲಾಡುವ ತಪ್ಪು ನಲವತ್ತು ದಿನ ಸೇರಿದರೆ 2.3 ಗುಣಿಸು 40ರ ವರ್ಗಮೂಲ, ಸುಮಾರು 14.5. ನನಗೆ ಕಂಡ ಇಳಿಕೆ 22, ಅಂದರೆ ಅದರ ಒಂದೂವರೆ ಪಟ್ಟು. ಬರೀ ಅದೃಷ್ಟದಿಂದಲೇ ಅಷ್ಟು ದೂರ, ಮೇಲಕ್ಕೋ ಕೆಳಕ್ಕೋ, ಹೋಗುವುದು ಏಳೆಂಟು ಸಲಕ್ಕೊಮ್ಮೆ. ಅಂಥದ್ದರ ಮೇಲೆ ಮೂರು ಸಾವಿರ ಮುಂಗಡ ಕಟ್ಟಬಾರದು.

ಮುನ್ಸೂಚನೆಯೂ ಬೇರೆಯದೇ ಆಗುತ್ತಿತ್ತು. ಮಾರ್ಚ್ 21ಕ್ಕೆ 128 ಇದ್ದರೆ, 36 ದಿನದ ನಂತರವೂ ನಡುವಿನ ಅಂದಾಜು ಅದೇ 128. ಎರಡೂ ಕಡೆಗೆ ಸುಮಾರು 14ರ ಅಗಲ, ಮತ್ತು ಆ ಅಗಲ ದಿನ ಕಳೆದಂತೆ ಹಿಗ್ಗುತ್ತಾ ಹೋಗುತ್ತದೆ. ಬಂದದ್ದು 143, ಆ ಅಗಲದ ಅಂಚಿನಿಂದ ಕೂದಲೆಳೆಯಷ್ಟು ಆಚೆ, ಅಚ್ಚರಿಪಡುವಂಥದ್ದೇನಲ್ಲ. ನನ್ನ ಪ್ರಿಂಟಿನಲ್ಲಿ ಅಗಲವೇ ಇರಲಿಲ್ಲ, ಪೆನ್ಸಿಲ್ ದಪ್ಪದ ಒಂದು ಗೆರೆ ಮಾತ್ರ.

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದು. ಕಾರ್ಡಿನ ಆ ಸಂಖ್ಯೆ ಬ್ಯಾಟರಿಯ ಸಾಮರ್ಥ್ಯವೇ ಆಗಿರಲಿಲ್ಲ. ಬರೆದದ್ದೆಲ್ಲ ಬ್ಯಾಟರಿ ತುಂಬಿದಾಗಿನ ಬಾಕಿ. ತುಂಬಿದ ಬ್ಯಾಟರಿಗೆ ಪ್ರತಿ ಸಲವೂ ಬಾಕಿ ಒಂದೇ ಇರಬೇಕು, ಅದು ದೊಡ್ಡದಿರಲಿ, ಸವೆದು ಸಣ್ಣದಾಗಿರಲಿ. ಬದಲಾಗಿದ್ದರೆ ಬದಲಾದದ್ದು ನನ್ನ ಲೆಕ್ಕದ ತಪ್ಪು ಮಾತ್ರ. ಬ್ಯಾಟರಿ ನಿಜವಾಗಿ ಅರ್ಧಕ್ಕೆ ಇಳಿದಿದ್ದರೂ ಆ ಗ್ರಾಫಿಗೆ ಗೊತ್ತಾಗುತ್ತಿರಲಿಲ್ಲ. ಎರಡು ತಿಂಗಳು ನಾನು ಗಮನವಿಟ್ಟು ನೋಡಿದ್ದು ಒಂದು `analogRead` ಅಡ್ಡಾದಿಡ್ಡಿ ನಡೆದ ಜಾಡನ್ನು.

ರಿಪೇರಿ

ಕೋಡಿನ ಆ ಸಾಲು ಈಗ ಹೀಗಿದೆ:

```cpp
long s = 0;
for (int i = 0; i < 2000; i++) {
  s += analogRead(A0);
  delay(7);
}
zero = s / 2000.0;
```

`zero` ಮೊದಲು `int` ಆಗಿತ್ತು, `float` ಮಾಡಬೇಕಾಯಿತು. ಇಲ್ಲದಿದ್ದರೆ ಸರಾಸರಿ ತೆಗೆದ ಶ್ರಮವೆಲ್ಲ ದಶಾಂಶ ಉದುರಿದಾಗ ಹೋಗುತ್ತದೆ. 2000 ರೀಡಿಂಗಿನ ಸರಾಸರಿಯಲ್ಲಿ ತಪ್ಪು 1.3ರಿಂದ ಸುಮಾರು 0.03 ಮೆಟ್ಟಿಲಿಗೆ ಇಳಿಯುತ್ತದೆ, ಅಂದರೆ ದಿನಕ್ಕೆ 0.05 ಎಎಚ್.

ಇದರಿಂದ ನಡಿಗೆ ನಿಲ್ಲುವುದಿಲ್ಲ, ಹೆಜ್ಜೆ ಸಣ್ಣದಾಗುತ್ತದೆ ಅಷ್ಟೆ. ಬೆಳಗಿನ ತಂಪಿನಲ್ಲಿ ಹಿಡಿದ ಸೊನ್ನೆ ಮಧ್ಯಾಹ್ನದ ಸೆಖೆಗೆ ಸರಿಯುವುದಕ್ಕೂ ಇದು ಮದ್ದಲ್ಲ. ನಿಜವಾದ ಮದ್ದು ಎಂದರೆ, ಚಾರ್ಜಿಂಗ್ ನಿಂತ ಪ್ರತಿ ಸಲವೂ ಬಾಕಿಯನ್ನು ಅಳಿಸಿ ಮತ್ತೆ ತುಂಬಿದ ಲೆಕ್ಕಕ್ಕೆ ತರುವುದು. ಅಂಗಡಿಯಲ್ಲಿ ಸಿಗುವ ಬ್ಯಾಟರಿ ಮಾನಿಟರ್‌ಗಳು ಮಾಡುವುದೂ ಇದನ್ನೇ, ನಾನು ಅದನ್ನು ಜಾಣತನ ಅಂತ ಬಿಟ್ಟಿದ್ದೆ. ಅಳಿಸುವ ಮುಂಚೆ ಎಷ್ಟು ತಪ್ಪಿತ್ತು ಎಂಬುದನ್ನು ಬೇರೆ ಕಾಲಮ್ಮಿಗೆ ಬರೆಸುತ್ತೇನೆ. ಅದು ಸೊನ್ನೆಯ ಸುತ್ತ ಎರಡೂ ಕಡೆ ಓಲಾಡಿದರೆ ಸರಿ. ಕರೆಂಟ್ ಹೆಚ್ಚು ಹೋದ ದಿನಗಳಲ್ಲಿ ಒಂದೇ ಕಡೆಗೆ ವಾಲಿದರೆ ಆ 0.87 ತಿದ್ದಬೇಕು. ಮೊದಲ ಮೂರು ವಾರದಲ್ಲಿ ಅದು ಸ್ವಲ್ಪ ಕೆಳಗೆ ವಾಲುತ್ತಿತ್ತು, ಈಗ 0.88 ಇಟ್ಟಿದ್ದೇನೆ.

ಬ್ಯಾಟರಿ ಎಷ್ಟು ಉಳಿದಿದೆ ಎಂಬ ಮಾವನ ಪ್ರಶ್ನೆಗೆ ಈ ಡಬ್ಬಿ ಉತ್ತರ ಕೊಡುವುದಿಲ್ಲ. ಅದಕ್ಕೆ ಆರು ತಿಂಗಳಿಗೊಮ್ಮೆ ಆ ಎರಡು ಬಲ್ಬು. ಒಂದು ಅಳತೆ ಆಗಿದೆ, 138. ದೀಪಾವಳಿ ಕಳೆದ ಮೇಲೆ ಇನ್ನೊಂದು.

ಅಂಗಡಿಯವರು ಮುಂಗಡ ವಾಪಸ್ ಕೊಡಲಿಲ್ಲ, ಮುಂದೆ ಯಾವಾಗ ಬ್ಯಾಟರಿ ಕೊಂಡರೂ ಅದರಲ್ಲಿ ಹಿಡಿದುಕೊಳ್ಳುತ್ತೇವೆ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಕೆಂಪು ದಿನಾಂಕದ ಆ ಪ್ರಿಂಟು ಜಗಲಿಯ ಗೋಡೆಗೆ ಇನ್ನೂ ಸಿಕ್ಕಿಸಿಯೇ ಇದೆ. ಮೇ 11ರ ಬೆಳಿಗ್ಗೆ ಮಾವ ಫೋನ್ ಮಾಡಿದ್ದರು. "ಇವತ್ತಲ್ವೇನೋ ನಮ್ಮ ಬ್ಯಾಟರಿ ಹೋಗೋ ದಿನ? ರಾತ್ರಿಯಿಡೀ ಗಾಳಿಮಳೆ, ಕರೆಂಟಿಲ್ಲ. ಈಗಷ್ಟೇ ಮಿಕ್ಸಿ ಹಾಕಿ ಚಟ್ನಿ ರುಬ್ಬಿದ್ದು."